ಕೊನೆ ಉಳಿಯಬೇಕಾದರೆ ನಡುವೆ ಕತ್ತರಿ ಇಡಿ

ಜಾತ್ರೆಯಲ್ಲಿ ಬಾಲ್ಯವಿವಾಹದ ಬಗ್ಗೆ ಬೀದಿ ನಾಟಕ ಆಡುತ್ತಿದ್ದೆವು. ಒಟ್ಟು 24 ನಿಮಿಷದ ನಾಟಕ. ಅತಿಥಿಗಳು ಬಂದರೆಂದು ಆಯೋಜಕರು ನಡುವೆಯೇ ಕೈ ಮಾಡಿ, 'ಬೇಗ ಮುಗಿಸ್ರಿ' ಎಂದರು. ನಾವು ಗಡಿಬಿಡಿಯಲ್ಲಿ ನಮಸ್ಕಾರ ಹೇಳಿ ಇಳಿದೆವು. ಜನ ನಕ್ಕಿದ್ದರು, ಆದರೆ ಮಕ್ಕಳ ಸಹಾಯವಾಣಿ 1098 ಯಾರ ಕಿವಿಗೂ ಬೀಳಲಿಲ್ಲ. ಅದು ಇದ್ದದ್ದು ಕೊನೆಯ ಎರಡು ನಿಮಿಷದಲ್ಲಿ.

ತಪ್ಪು ಆಯೋಜಕರದ್ದಲ್ಲ, ನಮ್ಮ ಬರವಣಿಗೆಯದ್ದು ಎಂದು ನಮಗೆ ಈಗ ಅನಿಸುತ್ತದೆ. ಹಳ್ಳಿ ವೇದಿಕೆಯಲ್ಲಿ ಸಮಯ ಕಡಿಮೆಯಾಗುವುದು ಹೊಸದೇನಲ್ಲ. ಏನು ಬಿಡಬೇಕು ಎಂಬುದನ್ನು ಬರೆಯುವಾಗಲೇ ತೀರ್ಮಾನಿಸಬೇಕು.

ಆಮೇಲೆ ಅದೇ ನಾಟಕವನ್ನು ಗಡಿಯಾರ ಹಿಡಿದು ಆಡಿ ನೋಡಿದೆವು. ಆರಂಭದ ಹಾಡು 3 ನಿಮಿಷ, ಹೆಣ್ಣು ನೋಡುವ ದೃಶ್ಯ 5, ಶಾಲೆಯ ದೃಶ್ಯ 4, ಜವಳಿ ಖರೀದಿಯ ತಮಾಷೆ 5, ಅಧಿಕಾರಿ ಬಂದು ಮದುವೆ ನಿಲ್ಲಿಸುವುದು 5, ಕೊನೆಯ ಮಾತು 2. ಶಾಲೆ ಮತ್ತು ಜವಳಿ ದೃಶ್ಯಗಳ ಮೊದಲಿಗೂ ಕೊನೆಗೂ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಕತ್ತರಿ 1, 4 ನಿಮಿಷ', 'ಕತ್ತರಿ 2, 5 ನಿಮಿಷ' ಎಂದು ಬರೆದೆವು. ಎರಡನ್ನೂ ಬಿಟ್ಟರೆ 15 ನಿಮಿಷದಲ್ಲಿ ನಾಟಕ ಮುಗಿಯುತ್ತದೆ, ಕೊನೆಯ ಮಾತು ಉಳಿಯುತ್ತದೆ.

ಗೆರೆ ಎಳೆದರಷ್ಟೇ ಸಾಲದು. ಹುಡುಗಿಗೆ ಇನ್ನೂ 16 ವರ್ಷ ಎಂಬುದು ಶಾಲೆಯ ದೃಶ್ಯದಲ್ಲಿ ಮಾತ್ರ ಇತ್ತು. ಅದನ್ನು ಬಿಟ್ಟು ಆಡಿದಾಗ, ಅಧಿಕಾರಿ ಯಾಕೆ ಬಂದರೆಂದೇ ತಿಳಿಯಲಿಲ್ಲ. ವಯಸ್ಸಿನ ಮಾತನ್ನು ಹೆಣ್ಣು ನೋಡುವ ದೃಶ್ಯಕ್ಕೆ ತಂದೆವು. ಕತ್ತರಿಯೊಳಗಿನ ಯಾವ ಸಂಗತಿಯನ್ನೂ ಮುಂದಿನ ಮಾತು ನೆಚ್ಚಿಕೊಳ್ಳಬಾರದು. ಜಿಗಿಯುವಾಗ ಕತೆ ಮುರಿಯದಂತೆ ಸೂತ್ರಧಾರನಿಗೆ ಒಂದು ಸಾಲು ಕೊಟ್ಟೆವು: 'ನೋಡ್ತಾ ನೋಡ್ತಾ ಮದುವಿ ದಿನ ಬಂದೇ ಬಿಡ್ತು!'

ಆಯೋಜಕರ ಕೈಸನ್ನೆಯನ್ನು ಎಲ್ಲ ನಟರೂ ನೋಡುತ್ತಾ ಕೂರಲಾಗದು. ತಮಟೆಯವನೊಬ್ಬನೇ ನೋಡುತ್ತಾನೆ. ದೃಶ್ಯ ಮುಗಿಯುತ್ತಿದ್ದಂತೆ ಮೂರು ಪೆಟ್ಟು ಹಾಕಿದರೆ ಮುಂದಿನ ಕತ್ತರಿ ಬಿಟ್ಟೆವೆಂದು ಅರ್ಥ. ಕತ್ತರಿಯೊಳಗೆ ಕಾಲಿಟ್ಟಾಗಿದ್ದರೆ ಆ ದೃಶ್ಯ ಪೂರ್ತಿ ಆಡಿಯೇ ಮುಂದೆ ಹೋಗಬೇಕು. ನಡುವೆ ಜಿಗಿದರೆ ಒಬ್ಬ ಒಂದು ಕಡೆ, ಇನ್ನೊಬ್ಬ ಇನ್ನೊಂದು ಕಡೆ.

ಇದಕ್ಕೂ ಒಂದು ಮಿತಿಯಿದೆ. ಜವಳಿ ದೃಶ್ಯ ಮುಗಿದ ಮೇಲೆ ಸನ್ನೆ ಬಂದರೆ ಬಿಡಲು ಏನೂ ಉಳಿದಿರುವುದಿಲ್ಲ, ಇನ್ನೂ 7 ನಿಮಿಷ ಬೇಕೇ ಬೇಕು. ಹಾಗಾಗಿ ಆಟ ಶುರುವಾಗುವ ಮೊದಲೇ ಆಯೋಜಕರಿಗೆ ಹೇಳಿಡುತ್ತೇವೆ: 'ಅಣ್ಣಾ, ಹತ್ತು ನಿಮಿಷ ಮೊದಲೇ ಕೈ ಮಾಡ್ರಿ.'

ಕತ್ತರಿ ಹಾಕಿದರೆ ನಾಟಕದ ರುಚಿ ಕೆಡುತ್ತದೆ ಎಂದು ನಮ್ಮಲ್ಲೇ ಕೆಲವರು ವಾದಿಸಿದರು. ಜವಳಿ ದೃಶ್ಯಕ್ಕೇ ಹೆಚ್ಚು ನಗು ಬರುತ್ತದೆ, ನಿಜ. ಆದರೆ ಪಕ್ಕದ ಮನೆಯ ಹುಡುಗಿಗೆ ಮದುವೆ ಗೊತ್ತಾದಾಗ ಬೇಕಾಗುವುದು ಆ ನಗುವಲ್ಲ, ಆ ನಾಲ್ಕು ಅಂಕಿ.