ಕಂದಾಯ ಏರಿಸಿದವರು ಪಕ್ಕದ ಮನೆಯ ಲೆಕ್ಕವನ್ನೂ ತೋರಿಸಲಿ

ಮಂಡ್ಯದ ಹತ್ತಿರದ ನಮ್ಮೂರು ಹೊಳಲಿನಿಂದ ಹೊರಟು ಪಟ್ಟಣಗಳಲ್ಲಿ ಸೈಟು ಕೊಂಡು ಮನೆ ಕಟ್ಟಿಕೊಂಡವರು ನಮ್ಮಲ್ಲಿ ಬಹಳ ಜನ. ಅಂಥ ನೆಂಟರೊಬ್ಬರಿಗೆ ಬಂದ ಆಸ್ತಿ ತೆರಿಗೆ ಪರಿಷ್ಕರಣೆಯ ನೋಟಿಸನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಈ ಮಾತು ಬರೆಯುತ್ತಿದ್ದೇನೆ. ಒಂದೇ ಹಾಳೆ. ಮೇಲೆ ಆಸ್ತಿ ಸಂಖ್ಯೆ, ಮಾಲೀಕರ ಹೆಸರು. ಕೆಳಗೆ ನಾಲ್ಕು ಕಲಂ: ಹಿಂದೆ ಕಟ್ಟಿದ ತೆರಿಗೆ, ಪರಿಷ್ಕೃತ ತೆರಿಗೆ, ವ್ಯತ್ಯಾಸ, ದಂಡ. ಪರಿಷ್ಕೃತ ತೆರಿಗೆ ಹಿಂದಿನದಕ್ಕೆ ಹತ್ತಿರ ಹತ್ತಿರ ಎರಡರಷ್ಟು. ಮನೆಗೆ ಒಂದು ಇಟ್ಟಿಗೆಯನ್ನೂ ಸೇರಿಸಿಲ್ಲ, ಬಾಡಿಗೆಗೂ ಕೊಟ್ಟಿಲ್ಲ. ಹೀಗಿದ್ದೂ ತೆರಿಗೆ ಯಾಕೆ ದುಪ್ಪಟ್ಟಾಯಿತು ಎಂಬುದಕ್ಕೆ ಆ ಹಾಳೆಯಲ್ಲಿ ಒಂದು ಸಾಲಿನ ಉತ್ತರವೂ ಇರಲಿಲ್ಲ.

ಪೌರ ಸಂಸ್ಥೆಗಳಿಗೆ ಹಣ ಬೇಕು, ಒಪ್ಪುತ್ತೇನೆ. ದೀಪ, ಚರಂಡಿ, ಕಸದ ಗಾಡಿ ಎಲ್ಲವೂ ನಡೆಯುವುದು ನಾವು ಕಟ್ಟುವ ಕಂದಾಯದಿಂದಲೇ. ಆದರೆ ಏರಿಸಿದ ತೆರಿಗೆ ಸರಿಯೋ ತಪ್ಪೋ ಎಂದು ತಾಳೆ ನೋಡುವ ದಾರಿಯನ್ನೇ ಮುಚ್ಚಿಟ್ಟು ‘ತಕರಾರಿದ್ದರೆ ಅರ್ಜಿ ಕೊಡಿ’ ಎನ್ನುವುದು ಅನ್ಯಾಯ. ಒಂದು ಬೀದಿಯ ತೆರಿಗೆ ನ್ಯಾಯವಾಗಿದೆಯೇ ಎಂದು ತಿಳಿಯಬೇಕಾದರೆ ಅದೇ ಬೀದಿಯ ಉಳಿದ ಮನೆಗಳ ಲೆಕ್ಕ ಕಣ್ಣಿಗೆ ಬೀಳಬೇಕು. ಆ ಲೆಕ್ಕವನ್ನು ನೋಟಿಸಿನ ಜೊತೆಗೇ ಕೊಡುವುದು ಪೌರ ಸಂಸ್ಥೆಯ ಹೊಣೆಯಾಗಬೇಕು ಎಂಬುದು ನನ್ನ ವಾದ.

ತೆರಿಗೆ ಹುಟ್ಟುವ ಬಗೆ ತಿಳಿದರೆ ತಪ್ಪು ಎಲ್ಲಿ ನುಸುಳುತ್ತದೆ ಎಂಬುದೂ ತಿಳಿಯುತ್ತದೆ. ನಮ್ಮ ರಾಜ್ಯದ ನಗರಸಭೆ, ಪುರಸಭೆಗಳಲ್ಲಿ ಸುಮಾರು ಎರಡು ದಶಕದಿಂದ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಇದೆ. 2021-22ಕ್ಕೆ ಮೊದಲು ಹಳೆಯ ಸಾಲಿನ ಬೆಲೆಗೆ ಮೂರು ವರ್ಷಕ್ಕೊಮ್ಮೆ ಶೇಕಡಾ ಇಷ್ಟು ಎಂದು ಸೇರಿಸುತ್ತಿದ್ದರು. ಆಮೇಲೆ ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರದ ಶೇಕಡಾ 25ರ ಮೇಲೆ ತೆರಿಗೆ ಹಾಕುವ ಕ್ರಮ ಬಂತು. ನಿವೇಶನದ ಬೆಲೆಗೆ ಕಟ್ಟಡದ ಬೆಲೆ ಸೇರಿಸಿ, ಕಟ್ಟಡಕ್ಕೆ ಅದರ ವಯಸ್ಸಿನ ಸವಕಳಿ ಕಳೆದು, ಬಂದ ಮೊತ್ತದ ಕಾಲುಭಾಗದ ಮೇಲೆ ಆ ಸಂಸ್ಥೆ ಗೊತ್ತುಮಾಡಿದ ದರ ಹಾಕುತ್ತಾರೆ. ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಉಪಕರಗಳು ಬೀಳುತ್ತವೆ. ಹಾಗಾಗಿ ಮೂಲದಲ್ಲಿ ಆದ ತಪ್ಪು ಉಪಕರದಲ್ಲೂ ಬೆಳೆಯುತ್ತದೆ.

ಈ ಲೆಕ್ಕದಲ್ಲಿ ಗುಣಿಸುವ ಕೆಲಸ ಕಂಪ್ಯೂಟರಿನದು, ಅದು ತಪ್ಪುವುದಿಲ್ಲ. ತಪ್ಪುವುದು ಅದಕ್ಕೆ ಉಣಿಸುವ ಮಾಹಿತಿ. ಮನೆ ಯಾವ ರಸ್ತೆಯದು, ಕಟ್ಟಿದ್ದು ಯಾವ ವರ್ಷ, ವಾಸಕ್ಕೋ ವ್ಯಾಪಾರಕ್ಕೋ, ಅಳತೆ ಎಷ್ಟು ಎಂಬ ನಾಲ್ಕು ಸಂಗತಿಗಳಲ್ಲಿ ಒಂದು ಬದಲಾದರೂ ತೆರಿಗೆ ಜಿಗಿಯುತ್ತದೆ. ಅದರಲ್ಲೂ ರಸ್ತೆಯ ವಿಷಯ ದೊಡ್ಡದು. ಮಾರ್ಗಸೂಚಿ ದರದ ಪಟ್ಟಿಯಲ್ಲಿ ಒಂದೇ ಬಡಾವಣೆಯ ಮುಖ್ಯರಸ್ತೆಗೆ ಒಂದು ದರ, ಅಡ್ಡರಸ್ತೆಗೆ ಇನ್ನೊಂದು ದರ ಇರುವುದುಂಟು. ಮೂಲೆ ಮನೆಯ ಬಾಗಿಲು ಅಡ್ಡರಸ್ತೆಗೆ ಇದ್ದು, ಪಕ್ಕದ ಗೋಡೆಯಷ್ಟೇ ಮುಖ್ಯರಸ್ತೆಗೆ ತಾಗಿದ್ದರೆ ಅದನ್ನು ಯಾವ ದರಕ್ಕೆ ಸೇರಿಸಬೇಕು? ಕುರ್ಚಿಯಲ್ಲಿ ಕುಳಿತು ಎಂಟ್ರಿ ಮಾಡುವವರು ಹೆಚ್ಚಿನ ದರದ ಕಡೆಗೇ ಒತ್ತುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ತಿಳಿಯಲೆಂದು ಇಟ್ಟುಕೊಂಡವು, ಯಾವ ಊರಿನ ದರವೂ ಅಲ್ಲ. 30x40 ನಿವೇಶನ. ಅಡ್ಡರಸ್ತೆಯ ದರದಲ್ಲಿ ಅದರ ಬೆಲೆ 13 ಲಕ್ಷ, ಮುಖ್ಯರಸ್ತೆಯ ದರದಲ್ಲಿ 26 ಲಕ್ಷ. ಮೇಲಿರುವ ಹಳೆಯ ಮನೆಗೆ ಸವಕಳಿ ಕಳೆದರೆ 4 ಲಕ್ಷ, ಹೊಸದೆಂದು ಹಿಡಿದರೆ 7 ಲಕ್ಷ. ಸರಿಯಾದ ಲೆಕ್ಕದಲ್ಲಿ ಒಟ್ಟು 17 ಲಕ್ಷ, ಅದರ ಕಾಲುಭಾಗ 4,25,000. ನೂರಕ್ಕೆ 50 ಪೈಸೆ ದರವಾದರೆ ತೆರಿಗೆ 2,125 ರೂಪಾಯಿ. ರಸ್ತೆಯನ್ನೂ ವಯಸ್ಸನ್ನೂ ತಪ್ಪಾಗಿ ತುಂಬಿದರೆ ಒಟ್ಟು 33 ಲಕ್ಷ, ಕಾಲುಭಾಗ 8,25,000, ತೆರಿಗೆ 4,125 ರೂಪಾಯಿ. ಮನೆ ಅದೇ, ದರ ಅದೇ, ಕಾನೂನೂ ಅದೇ. ಎರಡು ಖಾನೆಗಳನ್ನು ತಪ್ಪಾಗಿ ತುಂಬಿದ್ದಕ್ಕೆ 2,000 ರೂಪಾಯಿ ಹೆಚ್ಚು, ಅದೂ ವರ್ಷ ವರ್ಷ.

ಈಗ ಎದುರು ಮನೆ ನೋಡಿ. ಅದೂ 30x40, ಅದೇ ಕಾಲದ್ದು, ಬಾಗಿಲು ಅದೇ ಅಡ್ಡರಸ್ತೆಗೆ. ಅದರ ತೆರಿಗೆ 2,100ರ ಆಸುಪಾಸಿನಲ್ಲಿ ಇದ್ದರೆ ನಿಮ್ಮ ನೋಟಿಸಿನಲ್ಲಿ ಏನೋ ತಪ್ಪಿದೆ ಎಂದು ಆ ಕ್ಷಣವೇ ಗೊತ್ತಾಗುತ್ತದೆ. ನೆರೆಯ ಮನೆಗಳ ಹೋಲಿಕೆಗೆ ಇರುವ ಶಕ್ತಿ ಇದು. ಒಂದು ಮನೆಯ ಲೆಕ್ಕವನ್ನು ಅದೊಂದನ್ನೇ ಇಟ್ಟುಕೊಂಡು ನೋಡಿದರೆ ಎಷ್ಟು ಹೇಳಿದರೂ ಸರಿಯೆನ್ನಿಸುತ್ತದೆ. ನಾಲ್ಕು ಮನೆಗಳ ಪಕ್ಕ ಇಟ್ಟಾಗ ಹೊರಗುಳಿದದ್ದು ಎದ್ದು ಕಾಣುತ್ತದೆ.

ಹೋಲಿಕೆಗೆ ನ್ಯಾಯಾಲಯದ ಬಲವೂ ಇದೆ. 1968ರಲ್ಲಿ ಸುಪ್ರೀಂ ಕೋರ್ಟು ಕೇರಳದ ಕಟ್ಟಡ ತೆರಿಗೆ ಕಾಯ್ದೆಯನ್ನು ಹೊಡೆದುಹಾಕಿತು. ಕಟ್ಟಡ ಎಲ್ಲಿದೆ, ಎಂಥದ್ದು, ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ನೋಡದೆ ಬರೀ ನೆಲದ ಅಳತೆಯ ಮೇಲೆ ತೆರಿಗೆ ಹಾಕಿದ್ದು ಸಂವಿಧಾನದ 14ನೇ ವಿಧಿಗೆ ವಿರುದ್ಧವೆಂದು ಹೇಳಿತು. ಮುಂದೆ ಡಾ. ಬಲಬೀರ್ ಸಿಂಗ್ ಅವರ ದಿಲ್ಲಿ ಪ್ರಕರಣದಲ್ಲಿ ಇನ್ನೂ ಹತ್ತಿರದ ಮಾತು ಬಂತು. ಒಂದೇ ಜಾಗದಲ್ಲಿ, ಒಂದೇ ಗಾತ್ರದ, ಒಂದೇ ಸೌಕರ್ಯದ ಮನೆಗಳು ಒಂದೇ ಪೌರ ಸೇವೆ ಪಡೆಯುತ್ತಿರುವಾಗ, ಒಂದು ಮೊದಲು ಕಟ್ಟಿದ್ದು ಇನ್ನೊಂದು ಆಮೇಲೆ ಕಟ್ಟಿದ್ದು ಎಂಬುದಷ್ಟರಿಂದಲೇ ಅವುಗಳ ತೆರಿಗೆ ಮೌಲ್ಯದಲ್ಲಿ ಭಾರಿ ಅಂತರ ಇರಕೂಡದು ಎಂಬುದು ಅದರ ಸಾರ. ಆ ತೀರ್ಪು ಬಾಡಿಗೆ ಆಧಾರದ ತೆರಿಗೆಯ ಕಾಲದ್ದು ನಿಜ. ಆದರೂ ನೆರೆಹೊರೆಯನ್ನು ನೋಡಿ ತೂಗಬೇಕು ಎಂಬ ಅದರ ನಿಲುವು ಇಂದಿನ ಪದ್ಧತಿಗೂ ಸಲ್ಲಬೇಕಾದದ್ದು.

ಆದರೆ ಹೋಲಿಕೆಗೆ ಬೇಕಾದ ಕಾಗದ ಎಲ್ಲಿಂದ ತರುವುದು? ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ ಎಂದು ಸಲೀಸಾಗಿ ಹೇಳುತ್ತಾರೆ. ಆ ಕಾಯ್ದೆಯಲ್ಲಿ ಉತ್ತರಕ್ಕೆ ಇರುವ ಗಡುವು 30 ದಿನ. ನೋಟಿಸಿಗೆ ಆಕ್ಷೇಪಣೆ ಸಲ್ಲಿಸಲು ಕೊಡುವ ಗಡುವೂ ಸಾಮಾನ್ಯವಾಗಿ 30 ದಿನ. ನೋಟಿಸು ತಲುಪಿದ ಮರುದಿನವೇ ಅರ್ಜಿ ಹಾಕಿದರೂ ಉತ್ತರ ಬರುವ ಹೊತ್ತಿಗೆ ಆಕ್ಷೇಪಣೆಯ ಬಾಗಿಲು ಮುಚ್ಚಿರುತ್ತದೆ. ಕಾಗದದ ಮೇಲೆ ಹಕ್ಕಿದೆ, ಬಳಸುವ ಹೊತ್ತಿಗೆ ಇಲ್ಲ. ಹಿಂದೆ ಕರ ನಿರ್ಧರಣ ಪಟ್ಟಿಯನ್ನು ಕಚೇರಿಯಲ್ಲಿಟ್ಟು, ಯಾರು ಬೇಕಾದರೂ ನೋಡಿ ತಕರಾರು ಕೊಡಬಹುದು ಎಂಬ ಕ್ರಮವಿತ್ತು. ಎಲ್ಲವೂ ಆನ್‌ಲೈನ್ ಆದ ಈ ಕಾಲದಲ್ಲಿ ಮಾಲೀಕರ ಹೆಸರು ಮುಚ್ಚಿ, ಬೀದಿವಾರು ಅಳತೆ, ದರ, ಕಟ್ಟಿದ ವರ್ಷ, ಬಳಕೆ ಮತ್ತು ತೆರಿಗೆಯನ್ನು ಪ್ರಕಟಿಸುವುದು ಕಷ್ಟದ ಕೆಲಸವಲ್ಲ. ಮಾಡುವ ಮನಸ್ಸಿಲ್ಲ, ಅಷ್ಟೆ.

ಲೆಕ್ಕವನ್ನು ತೆರೆದಿಡದೆ ವರ್ಷಗಟ್ಟಲೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. 2016ರಲ್ಲಿ ಬಿಬಿಎಂಪಿ ಮಾರ್ಗಸೂಚಿ ದರದ ಆಧಾರದಲ್ಲಿ ವಲಯಗಳನ್ನು ಮತ್ತೆ ವಿಂಗಡಿಸಿತು. ಬಹಳ ಜನ ತಮ್ಮ ಹಳೆಯ ವಲಯದಲ್ಲೇ ಸ್ವಯಂ ಘೋಷಣೆ ಮಾಡಿ ತೆರಿಗೆ ಕಟ್ಟಿದರು. ಪಾಲಿಕೆಯ ವ್ಯವಸ್ಥೆ ಅದನ್ನು ಸ್ವೀಕರಿಸಿ ರಸೀದಿಯನ್ನೂ ಕೊಟ್ಟಿತು. ವರ್ಷಗಳು ಕಳೆದ ಮೇಲೆ 78 ಸಾವಿರಕ್ಕೂ ಹೆಚ್ಚು ಮಾಲೀಕರಿಗೆ ವ್ಯತ್ಯಾಸದ ಹಣ, ಅದರ ಎರಡರಷ್ಟು ದಂಡ, ತಿಂಗಳಿಗೆ ಶೇಕಡಾ 2ರ ಬಡ್ಡಿ ಕಟ್ಟಿ ಎಂಬ ನೋಟಿಸುಗಳು ಹೋದವು. ಸುಳ್ಳು ಅಳತೆ ಕೊಟ್ಟವರಿಗೆ ಇಟ್ಟ ದಂಡವನ್ನು ವಲಯವನ್ನಷ್ಟೇ ತಪ್ಪಾಗಿ ತುಂಬಿದವರ ಮೇಲೂ ಹಾಕಿದ್ದು ತಪ್ಪು. ಆ ವಲಯ ಯಾವುದೆಂದು ಪಾಲಿಕೆಗೇ ಗೊತ್ತಿತ್ತು, ಮೊದಲ ವರ್ಷವೇ ತಿದ್ದಬಹುದಿತ್ತು.

ನೋಟಿಸು ಕೈಗೆ ಬಂದವರಿಗೆ ಹೋಲಿಕೆಯ ಹೋರಾಟದ ಮಿತಿಯೂ ಗೊತ್ತಿರಬೇಕು. ‘ಪಕ್ಕದವರು ಕಡಿಮೆ ಕಟ್ಟುತ್ತಿದ್ದಾರೆ, ನನಗೂ ಕಡಿಮೆ ಮಾಡಿ’ ಎಂದು ಬರೆದರೆ ಅರ್ಜಿ ನಿಲ್ಲುವುದಿಲ್ಲ. ಪಕ್ಕದವರ ತೆರಿಗೆಯೇ ತಪ್ಪಾಗಿ ಕಡಿಮೆಯಾಗಿದ್ದರೆ ಆ ತಪ್ಪಿನಲ್ಲಿ ಪಾಲು ಕೇಳಲು ಕಾನೂನು ಬಿಡುವುದಿಲ್ಲ. ಮೇಲಾಗಿ ನಿಮ್ಮ ಅರ್ಜಿಯಿಂದ ಅವರ ಮನೆಗೂ ನೋಟಿಸು ಹೋದರೆ ಬೀದಿಯಲ್ಲಿ ಮುಖ ನೋಡುವುದು ಕಷ್ಟವಾಗುತ್ತದೆ. ಮೊತ್ತವನ್ನು ಬಿಟ್ಟು ಮಾನದಂಡವನ್ನು ಹೋಲಿಸಿ. ‘ಈ ಅಡ್ಡರಸ್ತೆಯ ಮನೆಗಳಿಗೆ ಹಚ್ಚಿದ ಮಾರ್ಗಸೂಚಿ ದರ ಇಷ್ಟು, ನನ್ನ ಮನೆಗೆ ಮಾತ್ರ ಮುಖ್ಯರಸ್ತೆಯ ದರ ಹಚ್ಚಿದ್ದೀರಿ. ಖಾತೆಯ ಚೆಕ್ಕುಬಂದಿಯಂತೆ ನನ್ನ ಮನೆಯ ಮುಂಬಾಗಿಲು ಉತ್ತರದ ಅಡ್ಡರಸ್ತೆಗೆ ಇದೆ’ ಎಂದು ಬರೆಯಿರಿ. ರಸೀದಿ ತೋರಿಸಲು ನೆರೆಯವರು ಒಪ್ಪಿದರೆ ಪ್ರತಿ ಲಗತ್ತಿಸಿ. ಒಪ್ಪದಿದ್ದರೆ ಆ ಬೀದಿಯ ವಿವರಗಳನ್ನು ಕಚೇರಿಯೇ ತನ್ನ ದಾಖಲೆಯಿಂದ ತೆಗೆದು ನೋಡಲಿ ಎಂದು ಕೇಳಿ. ಕಟ್ಟಿದ ವರ್ಷಕ್ಕೆ ಲೈಸೆನ್ಸಿನ ಪ್ರತಿ ಸಾಕ್ಷಿ. ಅದು ಕಳೆದುಹೋಗಿದ್ದರೆ ಮೊದಲ ವಿದ್ಯುತ್ ಬಿಲ್ಲು ಅಥವಾ ಹಳೆಯ ಕಂದಾಯ ರಸೀದಿ ಆಗುತ್ತದೆ.

ಹೋಲಿಕೆ ಒಂದೇ ಸಂಸ್ಥೆಯ ಗಡಿಯೊಳಗೆ ಇರಬೇಕು ಎಂಬುದನ್ನು ನಮ್ಮ ಕಡೆಯವರು ಮರೆಯುತ್ತಾರೆ. ಮಂಡ್ಯದ ಹೊಳಲು ಸರ್ಕಲ್ಲಿನ ಸುತ್ತಲಿನ ಮನೆ ನಗರಸಭೆಯದು, ಹೊಳಲು ಊರೊಳಗಿನ ಮನೆ ಗ್ರಾಮ ಪಂಚಾಯಿತಿಯದು. ಎರಡಕ್ಕೂ ಕಾಯ್ದೆ ಬೇರೆ, ದರ ಬೇರೆ. ಊರಿನ ಅಣ್ಣನ ಮನೆ ಕಂದಾಯ ತೋರಿಸಿ ನಗರದ ತಮ್ಮ ಕಡಿತ ಕೇಳಲಾಗದು.

ಅರ್ಜಿ ಕೊಟ್ಟ ದಿನ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ತಕರಾರಿಲ್ಲದ ಹಳೆಯ ಮೊತ್ತವನ್ನು ಕಟ್ಟಿಬಿಡಿ, ಇಲ್ಲದಿದ್ದರೆ ತಿಂಗಳಿಗೆ ಶೇಕಡಾ 2 ಅದರ ಮೇಲೂ ಏರುತ್ತದೆ. ಸ್ಥಳ ಪರಿಶೀಲನೆ ಕೇಳಿ, ಟೇಪು ಹಿಡಿದು ಅಳೆಯುವಾಗ ಎದುರಿಗೇ ನಿಲ್ಲಿ, ಅಳತೆಯ ಪ್ರತಿ ಕೇಳಿ ಪಡೆಯಿರಿ. ‘ನೋಡೋಣ, ಸರಿಮಾಡ್ತೀವಿ ಹೋಗಿ’ ಎಂಬ ಮಾತಿಗೆ ಒಪ್ಪಿ ಬರಬೇಡಿ. ಕಾರಣ ಬರೆದ ಲಿಖಿತ ಆದೇಶ ಕೈಯಲ್ಲಿಲ್ಲದಿದ್ದರೆ ಮೇಲ್ಮನವಿಗೆ ಆಧಾರವೇ ಇರುವುದಿಲ್ಲ.

ಸರ್ಕಾರ ಮಾಡಬೇಕಾದದ್ದು ಒಂದು ಸಣ್ಣ ತಿದ್ದುಪಡಿ. ಶೇಕಡಾ ಇಷ್ಟಕ್ಕಿಂತ ಹೆಚ್ಚು ಏರಿಸುವ ಪ್ರತಿ ನೋಟಿಸಿನ ಹಿಂಬದಿಯಲ್ಲಿ ಆ ಮನೆಯ ದರ, ವರ್ಷ, ಬಳಕೆ, ಅಳತೆ ಇರಲಿ. ಅದರ ಕೆಳಗೆ ಅದೇ ಬೀದಿಯ ಐದು ಮನೆಗಳ ಅದೇ ವಿವರಗಳು, ಹೆಸರಿಲ್ಲದೆ, ಇರಲಿ. ಅವಿಲ್ಲದ ನೋಟಿಸು ಅಸಿಂಧು ಎಂದು ನಿಯಮದಲ್ಲೇ ಬರೆಯಲಿ, ಆಕ್ಷೇಪಣೆಯ 30 ದಿನ ಆ ವಿವರಗಳು ತಲುಪಿದ ದಿನದಿಂದ ಎಣಿಕೆಯಾಗಲಿ. ಆದೇಶ ಮಾಲೀಕರ ಪರವಾಗಿ ಬಂದರೆ ಏಳು ದಿನದೊಳಗೆ ಕಂಪ್ಯೂಟರಿನ ಎಂಟ್ರಿಯನ್ನೂ ತಿದ್ದುವ ಹೊಣೆ ಕಂದಾಯ ಅಧಿಕಾರಿಯ ಮೇಲಿರಲಿ. ಫೈಲಿನಲ್ಲಿ ಗೆದ್ದವರು ಮುಂದಿನ ಏಪ್ರಿಲ್‌ನಲ್ಲಿ, ಶೇಕಡಾ 5ರ ರಿಯಾಯಿತಿ ಸಿಗುವ ತಿಂಗಳಲ್ಲಿ, ಚಲನ್ ತೆಗೆದು ನೋಡಿದಾಗ ಮತ್ತೆ ಅದೇ ಏರಿದ ಮೊತ್ತ ಬಂದರೆ ಇಡೀ ಅರ್ಜಿಯನ್ನು ಮೊದಲಿನಿಂದ ಬರೆಯಬೇಕಾಗುತ್ತದೆ.