ಫೇಸ್ ಸ್ವ್ಯಾಪ್ ವಿಡಿಯೋದಲ್ಲಿ ಮುಖ ಅಂಟಿಸುತ್ತಾರಾ? ಇಲ್ಲ, ಹೊಸದಾಗಿ ಬಿಡಿಸುತ್ತಾರೆ

2023ರ ನವೆಂಬರ್‌ನಲ್ಲಿ ನಟಿ ರಶ್ಮಿಕಾ ಮಂದಣ್ಣ ಲಿಫ್ಟ್‌ನೊಳಗೆ ಬರುತ್ತಿರುವಂತೆ ತೋರುವ ವಿಡಿಯೋ ಒಂದು ವೈರಲ್ ಆಗಿತ್ತು. ಅದರಲ್ಲಿದ್ದವರು ಬೇರೊಬ್ಬ ಮಹಿಳೆ, ಮುಖ ಮಾತ್ರ ರಶ್ಮಿಕಾ ಅವರದ್ದು. ಆ ವಿಡಿಯೋವನ್ನು ನಿಧಾನವಾಗಿ ಓಡಿಸಿದರೆ, ಲಿಫ್ಟ್ ಬಾಗಿಲ ಬಳಿ ಮೊದಲು ಮೂಲ ಮಹಿಳೆಯ ಮುಖವೇ ಕಾಣಿಸಿ, ಮರುಕ್ಷಣ ಬದಲಾಗುತ್ತದೆ. ಹೀಗೇಕಾಯಿತು ಎಂದು ತಿಳಿಯಲು ಮುಖ ಬದಲಾಯಿಸುವ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಬೇಕು.

ಫೋಟೋದಿಂದ ಮುಖ ಕತ್ತರಿಸಿ ಅಂಟಿಸುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಒಂದು ಫೋಟೋಗೆ ಅದು ಸರಿ. ವಿಡಿಯೋದಲ್ಲಿ ಸೆಕೆಂಡಿಗೆ 25ರಿಂದ 30 ಚಿತ್ರಗಳಿರುತ್ತವೆ, ಪ್ರತಿಯೊಂದರಲ್ಲೂ ತುಟಿ, ಕಣ್ಣು, ಬೆಳಕು ಸ್ವಲ್ಪ ಸ್ವಲ್ಪ ಬೇರೆ. ಅದಕ್ಕೆ ಹೊಂದುವ ಫೋಟೋಗಳನ್ನು ಎಲ್ಲಿಂದ ತರುವುದು? 2017ರ ಕೊನೆಗೆ ರೆಡ್ಡಿಟ್‌ನಲ್ಲಿ ‘ಡೀಪ್‌ಫೇಕ್ಸ್’ ಎಂದು ಹೆಸರಿಟ್ಟುಕೊಂಡಿದ್ದ ಬಳಕೆದಾರನೊಬ್ಬ ಬಳಸಿದ್ದು ಆಟೋಎನ್‌ಕೋಡರ್ ಎಂಬ ವಿಧಾನವನ್ನು. (ಬಳಸಿದ್ದು ನಟಿಯರ ಅಶ್ಲೀಲ ವಿಡಿಯೋ ಮಾಡಲು. ಇಂದು ನಾವು ಆಡುವ ಪದ ಬಂದದ್ದೇ ಆತನ ಹೆಸರಿನಿಂದ.)

ಒಬ್ಬ ವರದಿಗಾರ ಮತ್ತು ಒಬ್ಬ ಚಿತ್ರಗಾರ ಇದ್ದಾರೆ ಎಂದುಕೊಳ್ಳಿ. ವರದಿಗಾರ ಒಂದು ಮುಖ ನೋಡಿ ಫೋನಿನಲ್ಲಿ ವಿವರಿಸುತ್ತಾನೆ. ಚಿತ್ರಗಾರ ಅದನ್ನು ಕೇಳಿಯೇ ಆ ಮುಖ ಬಿಡಿಸಬೇಕು. ವರದಿಗಾರನ ಹೆಸರು ಎನ್‌ಕೋಡರ್, ಚಿತ್ರಗಾರನ ಹೆಸರು ಡಿಕೋಡರ್. ಆದರೆ ವರದಿಗಾರ ಹೆಚ್ಚು ಮಾತಾಡುವಂತಿಲ್ಲ. ಮೊದಲ ಡೀಪ್‌ಫೇಕ್ ಪ್ರೋಗ್ರಾಂನಲ್ಲಿ ಮುಖದ ಚಿತ್ರ 64 x 64 ಚುಕ್ಕಿಗಳದ್ದು. ಮೂರು ಬಣ್ಣ ಸೇರಿ 12,288 ಅಂಕಿಗಳು. ಅದನ್ನು ನಡುವೆ 1,024 ಅಂಕಿಗಳಿಗೆ ಹಿಂಡಿ, ಅಲ್ಲಿಂದ ಮತ್ತೆ ಪೂರ್ತಿ ಮುಖ ಬಿಡಿಸಬೇಕು. ಬಿಡಿಸಿದ್ದನ್ನು ಮೂಲದೊಂದಿಗೆ ಹೋಲಿಸಿ, ತಪ್ಪಾದಷ್ಟೂ ಇಬ್ಬರನ್ನೂ ತಿದ್ದಲಾಗುತ್ತದೆ. ಹೀಗೆ ಲಕ್ಷಾಂತರ ಬಾರಿ.

ಇಲ್ಲಿದೆ ಜಾಣತನ. ರಾಮಣ್ಣ, ಸೋಮಣ್ಣ ಎಂಬ ಇಬ್ಬರ ನೂರಾರು ಮುಖಚಿತ್ರಗಳನ್ನು ತೆಗೆದುಕೊಳ್ಳೋಣ. ಇಬ್ಬರ ಮುಖಕ್ಕೂ ವರದಿಗಾರ ಒಬ್ಬನೇ, ಆದರೆ ಚಿತ್ರಗಾರರು ಇಬ್ಬರು. ಮೊದಲನೆಯವನು ರಾಮಣ್ಣನನ್ನು ಮಾತ್ರ ಬಿಡಿಸುತ್ತಾನೆ, ಎರಡನೆಯವನು ಸೋಮಣ್ಣನನ್ನು ಮಾತ್ರ. ‘ಮೂಗು ಚೂಪು, ಹುಬ್ಬು ದಪ್ಪ’ ಎಂದು ವರದಿಗಾರ ಹೇಳಬೇಕಾಗಿಯೇ ಇಲ್ಲ, ಅದು ಚಿತ್ರಗಾರನಿಗೆ ಬಾಯಿಪಾಠ. ಇರುವ ಸ್ವಲ್ಪ ಮಾತನ್ನು ಅವನು ಬದಲಾಗುವ ಸಂಗತಿಗಳಿಗೆ ಇಡುತ್ತಾನೆ: ತಲೆ ಎಡಕ್ಕೆ ತಿರುಗಿದೆ, ಬಾಯಿ ಅರ್ಧ ತೆರೆದಿದೆ, ಬೆಳಕು ಮೇಲಿನಿಂದ ಬೀಳುತ್ತಿದೆ. ಹೀಗೆ ಹೇಳು ಎಂದು ಅವನಿಗೆ ಯಾರೂ ಕಲಿಸಿರುವುದಿಲ್ಲ. ಇಬ್ಬರಿಗೂ ಒಂದೇ ಭಾಷೆಯಲ್ಲಿ ಹೇಳಬೇಕಾದ ಒತ್ತಡದಿಂದಲೇ ಅದು ಬರುತ್ತದೆ.

ಇನ್ನು ಮೋಸ ಸುಲಭ. ನಗುತ್ತಿರುವ ರಾಮಣ್ಣನನ್ನು ನೋಡಿ ವರದಿಗಾರ ಹೇಳಿದ್ದನ್ನು ಸೋಮಣ್ಣನ ಚಿತ್ರಗಾರನಿಗೆ ದಾಟಿಸಿದರೆ ಸಾಕು. ಅವನಿಗೆ ಗೊತ್ತಿರುವುದು ಒಂದೇ ಮುಖ, ಹಾಗಾಗಿ ಅದೇ ನಗುವಿನಲ್ಲಿ, ಅದೇ ಬೆಳಕಿನಲ್ಲಿ ಸೋಮಣ್ಣನನ್ನು ಬಿಡಿಸುತ್ತಾನೆ. ವರದಿಗಾರರು ಬೇರೆ ಬೇರೆಯಾಗಿದ್ದರೆ ಒಬ್ಬನ ಭಾಷೆ ಇನ್ನೊಬ್ಬನ ಚಿತ್ರಗಾರನಿಗೆ ತಿಳಿಯುತ್ತಲೇ ಇರಲಿಲ್ಲ.

ಆದರೆ ಚಿತ್ರಗಾರ ಕಾಣದ್ದನ್ನು ಬಿಡಿಸಲಾರ. ಸೋಮಣ್ಣ ಪೂರ್ತಿ ಪಕ್ಕಕ್ಕೆ ತಿರುಗಿದ ಒಂದೂ ಚಿತ್ರ ಇಲ್ಲದಿದ್ದರೆ, ರಾಮಣ್ಣ ಪಕ್ಕಕ್ಕೆ ತಿರುಗಿದಾಗ ಬರುವ ಮುಖ ಕಲಸಿಹೋಗುತ್ತದೆ. ಹಲ್ಲುಗಳು ಬಿಡಿಬಿಡಿಯಾಗಿರದೆ ಒಂದೇ ಬಿಳಿ ಪಟ್ಟಿಯಂತೆ ಕಾಣುವುದೂ ಇದೇ ಹಿಂಡುವಿಕೆಯಿಂದ. ಜೊತೆಗೆ, ಹೊಸದಾಗಿ ಬಿಡಿಸುವುದು ಹುಬ್ಬಿನಿಂದ ಗಲ್ಲದವರೆಗಿನ ಭಾಗವನ್ನು ಮಾತ್ರ. ಕೂದಲು, ಕಿವಿ, ಕುತ್ತಿಗೆ ಮೂಲ ವ್ಯಕ್ತಿಯದ್ದೇ. ಸೋಮಣ್ಣನ ಕಿವಿಯ ಆಕಾರ ನಿಮಗೆ ಗೊತ್ತಿದ್ದರೆ ಅದನ್ನು ನೋಡಿ.

ಈಗ ಲಿಫ್ಟ್ ಬಾಗಿಲಿಗೆ ಬರೋಣ. ಫೇಸ್ ಸ್ವ್ಯಾಪ್‌ನ ಯಾವ ವಿಧಾನವೇ ಆಗಲಿ, ಮೊದಲು ಸಾಫ್ಟ್‌ವೇರ್ ಪ್ರತಿ ಚಿತ್ರದಲ್ಲೂ ಮುಖ ಎಲ್ಲಿದೆ ಎಂದು ಹುಡುಕಬೇಕು. ಮುಖದ ಅರ್ಧ ಬಾಗಿಲಿನಿಂದಲೋ ಕೈಯಿಂದಲೋ ಮರೆಯಾದರೆ ಅದು ಸಿಗದೇ ಹೋಗಬಹುದು. ಸಿಗದಿದ್ದಲ್ಲಿ ಬದಲಾವಣೆಯೂ ಇಲ್ಲ, ಮೂಲ ಮುಖವೇ ಉಳಿಯುತ್ತದೆ. ಆದ್ದರಿಂದ ಅನುಮಾನ ಬಂದ ಫಾರ್ವರ್ಡ್‌ನಲ್ಲಿ ಮುಖ ನೇರವಾಗಿ ಕಾಣುವ ಭಾಗ ಬಿಟ್ಟು, ಯಾರೋ ಅಡ್ಡ ಬಂದ, ಕೈ ಮುಖದ ಮುಂದೆ ಹಾದ, ತಲೆ ಗಕ್ಕನೆ ತಿರುಗಿದ ಕ್ಷಣಗಳಲ್ಲಿ ನಿಲ್ಲಿಸಿ ನೋಡಿ.

ಒಂದು ಎಚ್ಚರಿಕೆ ಮಾತ್ರ. ವಾಟ್ಸಾಪ್ ವಿಡಿಯೋವನ್ನು ಕಿರಿದಾಗಿಸಿ ಕಳಿಸುವುದರಿಂದ ಅಸಲಿ ವಿಡಿಯೋದಲ್ಲೂ ಹಲ್ಲು ಮಸುಕಾಗುತ್ತದೆ, ನಕಲಿಯಲ್ಲಿ ಕುರುಹುಗಳು ಅಳಿಸಿಹೋಗುತ್ತವೆ. ನಾವು ಇಂಥದ್ದನ್ನು ನೋಡುವಾಗ ಮೊದಲು ಹುಡುಕುವುದು ಅದೇ ಬಟ್ಟೆ, ಅದೇ ಜಾಗ, ಬೇರೆ ಮುಖ ಇರುವ ಮೂಲ ವಿಡಿಯೋವನ್ನು. ಅದರ ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಎಷ್ಟೋ ಬಾರಿ ಅದು ಸಿಕ್ಕಿಬಿಡುತ್ತದೆ.