ಕಾಣಿಸದ ವಿಡಿಯೊವನ್ನು ಅಳಿಸುವ ಮುನ್ನ

ಯೂಟ್ಯೂಬಿಗೆ ಹೊಸ ವಿಡಿಯೊ ಏರಿಸಿದವರು ಮರುಕ್ಷಣವೇ ಅದರ ಹೆಸರು ಬರೆದು ಹುಡುಕುತ್ತಾರೆ. ಅದು ಸಿಗುವುದಿಲ್ಲ, ಚಾನೆಲ್ಲಿನ ಪುಟದಲ್ಲಿಯೂ ಕಾಣಿಸುವುದಿಲ್ಲ. ಏನೋ ಕೆಟ್ಟಿದೆಯೆಂದು ಭಾವಿಸಿ ಅಳಿಸುತ್ತಾರೆ, ಮತ್ತೆ ಏರಿಸುತ್ತಾರೆ. ಈ ಆತುರ ಸಲ್ಲದು ಎಂಬುದು ನಾನು ಪೆಟ್ಟು ತಿಂದು ಕಲಿತ ಪಾಠ.

ಶಾಲೆಯ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದಾಗ ಅದು ಮೊದಲು ಕಪಾಟಿನಲ್ಲಿ ಕೂರುತ್ತಿತ್ತು. ಸೂಚಿಪತ್ರದ ಕಾರ್ಡು ಸಿದ್ಧವಾಗುತ್ತಿದ್ದುದು ಅನಂತರ. ಕಾರ್ಡು ನೋಡಿ ಹುಡುಕುವವನಿಗೆ ಪುಸ್ತಕವೇ ಇಲ್ಲವೆನಿಸುತ್ತಿತ್ತು. ಇಲ್ಲಿಯೂ ಹಾಗೆಯೇ. ವಿಡಿಯೊ ಏರಿಸುವಾಗಲೇ ಅದಕ್ಕೊಂದು ವಿಳಾಸ ದೊರೆಯುತ್ತದೆ. `watch?v=` ಎಂಬುದರ ಮುಂದೆ ಬರುವ 11 ಅಕ್ಷರಗಳೇ ಅದರ ಗುರುತು. ಆದರೆ ಹುಡುಕಾಟ ನಡೆಯುವುದು ಮೊದಲೇ ಸಿದ್ಧಪಡಿಸಿದ ಸೂಚಿಯಲ್ಲಿ. ಹೊಸ ಹೆಸರು ಅದಕ್ಕೆ ಸೇರಲು ಸಮಯ ಬೇಕು. ಚಾನೆಲ್ಲಿನ ಪುಟವೂ ಕೆಲವೊಮ್ಮೆ ಸ್ವಲ್ಪ ಹಳೆಯ ಪ್ರತಿಯನ್ನೇ ತೋರಿಸುತ್ತದೆ. ಹೀಗಾಗಿ ವಿಳಾಸ ಹಿಡಿದು ಹೋದವನಿಗೆ ಕಾಣುವ ವಿಡಿಯೊ, ಹುಡುಕಿದವನಿಗೆ ಕೆಲ ಹೊತ್ತು ಕಾಣದಿರಬಹುದು.

ಹತ್ತನೆಯ ತರಗತಿಯ ಮಕ್ಕಳಿಗಾಗಿ ನಾನು ಸಂಧಿಗಳ ಕುರಿತು 22 ನಿಮಿಷದ ಪಾಠವೊಂದನ್ನು ಪರೀಕ್ಷೆಗೆ ಮೂರು ದಿನ ಮುಂಚೆ ಏರಿಸಿದೆ. ವಾಟ್ಸ್‌ಆ್ಯಪ್ ಗುಂಪಿಗೆ ವಿಳಾಸ ಕಳುಹಿಸಿದೆ. ಅರ್ಧ ಗಂಟೆಯಾದರೂ ಹುಡುಕಾಟದಲ್ಲಿ ಸಿಗದಿರಲು ಅಳಿಸಿ ಮತ್ತೊಮ್ಮೆ ಏರಿಸಿದೆ. ಮತ್ತೆ ಏರಿಸಿದ್ದಕ್ಕೆ ಹೊಸ ವಿಳಾಸ ಬರುತ್ತದೆ, ಹಳೆಯದು ಸತ್ತಂತೆಯೇ ಎಂಬುದು ನನಗೆ ತಿಳಿದಿರಲಿಲ್ಲ. "ಸರ್, ಪಾಠ ತೆರೆಯುತ್ತಿಲ್ಲ" ಎಂದು ಮಕ್ಕಳು ಒಬ್ಬೊಬ್ಬರಾಗಿ ಕೇಳತೊಡಗಿದರು. ಸಾಲದೆಂಬಂತೆ ಎರಡನೆಯ ಬಾರಿ ಗಡಿಬಿಡಿಯಲ್ಲಿ `Public` ಎಂಬುದರ ಬದಲು `Unlisted` ಒತ್ತಿದ್ದೆ. ಎರಡು ದಿನ ಕಾದರೂ ಅದು ಎಲ್ಲಿಯೂ ಕಾಣಲಿಲ್ಲ, ಕಾಣುವಂತೆಯೂ ಇರಲಿಲ್ಲ. ತಪ್ಪು ಪೂರ್ತಿ ನನ್ನದೇ.

ಆದ್ದರಿಂದ ಮೊದಲು ಖಾಸಗಿ ಕಿಟಕಿಯಲ್ಲಿ, ಅಂದರೆ ನಮ್ಮ ಖಾತೆಯ ನೆರಳಿಲ್ಲದೆ, ವಿಡಿಯೊದ ವಿಳಾಸವನ್ನು ತೆರೆದು ನೋಡಬೇಕು. ಅಲ್ಲಿ ತೆರೆಯದೆ ಖಾಸಗಿಯೆಂಬ ಸೂಚನೆ ಬಂದರೆ ಅದು ಇನ್ನೂ `Private` ಸ್ಥಿತಿಯಲ್ಲಿದೆ, ಇಲ್ಲವೇ ಮುಂದಿನ ಸಮಯಕ್ಕೆ ನಿಗದಿಯಾಗಿದೆ. ತೆರೆದರೂ ನಿಶ್ಚಿಂತರಾಗಬಾರದು, `Unlisted` ಆಗಿದ್ದರೂ ವಿಳಾಸದಿಂದ ತೆರೆಯುತ್ತದೆ. ಆದಕಾರಣ ಸ್ಟುಡಿಯೊದಲ್ಲಿ ಆ ವಿಡಿಯೊದ ಎದುರು `Visibility` ಕೆಳಗೆ ಏನಿದೆಯೆಂದು ಓದಬೇಕು. `Private` ಅಥವಾ `Unlisted` ಎಂದಿದ್ದರೆ ಎಷ್ಟು ಕಾದರೂ ಫಲವಿಲ್ಲ; ಅದನ್ನು ಅಲ್ಲಿಯೇ ಬದಲಿಸಬಹುದು, ವಿಳಾಸ ಬದಲಾಗದು. `Public` ಎಂದೇ ಇದ್ದರೆ ಒಂದು ದಿನವಾದರೂ ತಾಳ್ಮೆಯಿಂದಿರಬೇಕು.

ಇನ್ನೊಂದು ಮಾತು. ಸೂಚಿಗೆ ಸೇರುವುದು ಬೇರೆ, ಮೊದಲ ಸಾಲಿನಲ್ಲಿ ಕಾಣುವುದು ಬೇರೆ. "ಸಂಧಿ" ಎಂದಷ್ಟೇ ಹುಡುಕಿದರೆ ನನ್ನ ಪಾಠ ನೂರಾರು ಪಾಠಗಳ ಹಿಂದೆ ಅಡಗಿರುತ್ತದೆ. ಪೂರ್ತಿ ಶೀರ್ಷಿಕೆ ಮತ್ತು ಚಾನೆಲ್ಲಿನ ಹೆಸರು ಬರೆದರೆ ಸಿಗಬಹುದು. ಆ ಕಾರಣಕ್ಕೂ ಅಳಿಸುವುದು ಪರಿಹಾರವಲ್ಲ. ಅಳಿಸಿದರೆ ಕಾಯುವಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ, ಹಂಚಿದ ವಿಳಾಸಗಳೆಲ್ಲ ವ್ಯರ್ಥವಾಗುತ್ತವೆ. ಅಂದು ಪಾಠ ಬೇಕಾಗಿದ್ದ ಮಕ್ಕಳ ಕೈಯಲ್ಲಿ ಮೊದಲ ವಿಳಾಸ ಇದ್ದೇ ಇತ್ತು. ನಾನು ಸುಮ್ಮನಿದ್ದಿದ್ದರೆ ಸಾಕಾಗುತ್ತಿತ್ತು.